ಹೈವೇಯಲ್ಲಿ ಎದೆ ಢವಢವ ಎಂದರೆ ಜೋರಾಗಿ ಕೆಮ್ಮಬೇಕೇ? ಡ್ರೈವಿಂಗ್ ಭಯ ಹೇಗೆ ಅಂಟಿಕೊಳ್ಳುತ್ತದೆ, ಹೇಗೆ ಬಿಟ್ಟುಹೋಗುತ್ತದೆ?

‘ನೀವು ಒಬ್ಬರೇ ಕಾರು ಓಡಿಸಿಕೊಂಡು ಮನೆಗೆ ಹೋಗುತ್ತಿದ್ದೀರಿ. ಇದ್ದಕ್ಕಿದ್ದಂತೆ ಎದೆ ಬಿಗಿಯುತ್ತದೆ. ಹತ್ತಿರದಲ್ಲಿ ಆಸ್ಪತ್ರೆ ಇಲ್ಲ. ಆಗ ದೀರ್ಘವಾಗಿ ಉಸಿರೆಳೆದು ಜೋರಾಗಿ ಕೆಮ್ಮಿ. 2 ಸೆಕೆಂಡಿಗೊಮ್ಮೆ ಹೀಗೆ ಮಾಡುತ್ತಲೇ ಇರಿ, ನಿಮ್ಮ ಜೀವ ಉಳಿಯುತ್ತದೆ.’

ಈ ಅರ್ಥದ ಮೆಸೇಜ್ ನಿಮ್ಮ ಫೋನಿಗೂ ಒಮ್ಮೆಯಾದರೂ ಬಂದಿರುತ್ತದೆ. ವಾಟ್ಸ್ಆ್ಯಪ್ ಹುಟ್ಟುವುದಕ್ಕೂ ಮೊದಲು, 1999ರ ಹೊತ್ತಿಗೇ ಇದು ಇಮೇಲ್‌ಗಳಲ್ಲಿ ಓಡಾಡುತ್ತಿತ್ತು. ಅದನ್ನು ಈಗ ನಾವು ಮತ್ತೆ ಕೈಗೆತ್ತಿಕೊಳ್ಳಲು ಕಾರಣವಿದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರಾಮನಗರ, ಚನ್ನಪಟ್ಟಣ ದಾಟುವಾಗ ಎದೆ ಬಡಿದುಕೊಂಡು, ಕೈ ಜೋಮು ಹಿಡಿದು, ‘ಇನ್ನೇನು ಸತ್ತೇ ಹೋದೆ’ ಎಂದು ಹೆದರುವವರಲ್ಲಿ ಅನೇಕರಿಗೆ ಇರುವುದು ಹೃದಯಾಘಾತವಲ್ಲ, ಪ್ಯಾನಿಕ್ ಅಟ್ಯಾಕ್. ಅಂಥವರು ಈ ಮೆಸೇಜನ್ನು ಪಾಲಿಸಿದರೆ ತೊಂದರೆ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ.

ಅದು ಹೇಗೆ, ಒಮ್ಮೆ ಬಂದ ದಿಗಿಲು ವರ್ಷಗಟ್ಟಲೆ ಸ್ಟೀರಿಂಗ್ ಮುಟ್ಟದಂತೆ ಮಾಡುವುದೇಕೆ, ಅದರಿಂದ ಹಂತಹಂತವಾಗಿ ಹೊರಬರುವುದು ಹೇಗೆ ಎಂಬುದನ್ನು ನೋಡೋಣ.

ಕೆಮ್ಮಿನ ಮೆಸೇಜ್‌ನಲ್ಲಿ ಸತ್ಯ ಎಷ್ಟು?

ಈ ಮೆಸೇಜ್‌ನ ಹಿಂದೆ ಸಣ್ಣದೊಂದು ಸತ್ಯವಿದೆ. 1976ರಲ್ಲಿ ಅಮೆರಿಕದ ವೈದ್ಯ ಜೆ. ಮೈಕೆಲ್ ಕ್ರೈಲಿ ಮತ್ತು ಸಂಗಡಿಗರು ಒಂದು ವರದಿ ಪ್ರಕಟಿಸಿದರು. ಆಸ್ಪತ್ರೆಯ ಮೇಜಿನ ಮೇಲೆ ಹೃದಯಕ್ಕೆ ನಳಿಕೆ ಹಾಕಿ ಪರೀಕ್ಷಿಸುತ್ತಿದ್ದಾಗ ಕೆಲವು ರೋಗಿಗಳ ಹೃದಯಬಡಿತ ತಾಳ ತಪ್ಪಿತ್ತು. ಪಕ್ಕದಲ್ಲಿದ್ದ ವೈದ್ಯರು ಕೂಡಲೇ ಕೆಮ್ಮಲು ಹೇಳಿದಾಗ, ಯಂತ್ರದಿಂದ ಚಿಕಿತ್ಸೆ ಕೊಡುವವರೆಗಿನ ಕೆಲವು ಸೆಕೆಂಡುಗಳ ಕಾಲ ಅವರಿಗೆ ಎಚ್ಚರ ತಪ್ಪಲಿಲ್ಲ. ನಡೆದದ್ದು ಅಷ್ಟೇ. ರೋಗಿ ಮಾನಿಟರ್‌ಗೆ ಅಂಟಿಕೊಂಡಿದ್ದರು, ವೈದ್ಯರು ಎದುರಿಗೇ ಇದ್ದರು.

ಕಾರಿನಲ್ಲಿ ಒಬ್ಬರೇ ಇರುವವರಿಗೆ ಇದು ಅನ್ವಯಿಸುವುದಿಲ್ಲ. ಅಮೆರಿಕದ ಹೃದ್ರೋಗ ಸಂಘ ಸಾರ್ವಜನಿಕರಿಗೆ ಈ ವಿಧಾನವನ್ನು ಶಿಫಾರಸು ಮಾಡುವುದಿಲ್ಲ. ಮೆಸೇಜ್‌ನಲ್ಲಿ ಹೆಸರು ಬಳಸಲಾಗಿದ್ದ ಅಮೆರಿಕದ ಆಸ್ಪತ್ರೆ ಕೂಡ ಇದು ತನ್ನದಲ್ಲ ಎಂದು ಹೇಳಿದೆ.

ಈಗ ಲೆಕ್ಕ ನೋಡಿ. 2 ಸೆಕೆಂಡಿಗೊಮ್ಮೆ ದೀರ್ಘ ಉಸಿರು ಎಂದರೆ ನಿಮಿಷಕ್ಕೆ 30 ಸಲ. ಸುಮ್ಮನೆ ಕುಳಿತಿರುವ ವಯಸ್ಕರು ಉಸಿರಾಡುವುದು ನಿಮಿಷಕ್ಕೆ 12ರಿಂದ 20 ಸಲ. ದಿಗಿಲು ಬಿದ್ದವರು ಮೊದಲೇ ಜೋರಾಗಿ ಉಸಿರಾಡುತ್ತಿರುತ್ತಾರೆ. ಮೆಸೇಜ್ ಅವರಿಗೆ ಇನ್ನೂ ಜೋರಾಗಿ ಉಸಿರಾಡಲು ಹೇಳುತ್ತಿದೆ.

ಕೈ ಜೋಮು, ತಲೆ ಹಗುರ: ದೇಹದಲ್ಲಿ ಏನಾಗುತ್ತಿದೆ?

ಹೆಚ್ಚು ಉಸಿರಾಡಿದರೆ ಹೆಚ್ಚು ಆಮ್ಲಜನಕ ಸಿಗುತ್ತದೆ, ಅದು ಒಳ್ಳೆಯದೇ ಅಲ್ಲವೇ ಎಂದು ನಿಮಗೆ ಅನ್ನಿಸಬಹುದು. ಆದರೆ ನಮ್ಮ ರಕ್ತದಲ್ಲಿ ಆಮ್ಲಜನಕ ಮೊದಲೇ ಹೆಚ್ಚುಕಡಿಮೆ ಪೂರ್ತಿ ತುಂಬಿರುತ್ತದೆ. ಜೋರಾಗಿ ಉಸಿರಾಡಿದಾಗ ನಿಜವಾಗಿ ಬದಲಾಗುವುದು ಇಂಗಾಲದ ಡೈಆಕ್ಸೈಡ್. ಅದು ಅಗತ್ಯಕ್ಕಿಂತ ಹೆಚ್ಚು ಹೊರಹೋಗುತ್ತದೆ. ರಕ್ತದಲ್ಲಿ ಅದು ಕಡಿಮೆಯಾದಾಗ ಮೆದುಳಿನ ರಕ್ತನಾಳಗಳು ಸ್ವಲ್ಪ ಕಿರಿದಾಗುತ್ತವೆ. ಆಗ ತಲೆ ಹಗುರವೆನಿಸುತ್ತದೆ, ಕಣ್ಣ ಮುಂದಿನ ರಸ್ತೆ ಎಲ್ಲೋ ದೂರದಲ್ಲಿ, ಕನಸಿನಲ್ಲಿ ಇದ್ದಂತೆ ಕಾಣುತ್ತದೆ. ಬೆರಳ ತುದಿ ಮತ್ತು ತುಟಿಯ ಸುತ್ತ ಜುಮುಜುಮು ಎನ್ನುತ್ತದೆ. ಎದೆಯ ಸ್ನಾಯುಗಳು ದಣಿದು ಬಿಗಿಯಾಗುತ್ತವೆ.

ಇದರ ಜೊತೆಗೆ ಅಡ್ರಿನಲಿನ್ ಸೇರುತ್ತದೆ. ಎದುರಿಗೆ ಆನೆ ಬಂದರೆ ಓಡಲು ದೇಹ ಹೇಗೆ ಸಿದ್ಧವಾಗುತ್ತದೋ ಹಾಗೆಯೇ ಎದೆಬಡಿತ ಏರುತ್ತದೆ, ಬೆವರು ಬರುತ್ತದೆ, ಕಾಲು ನಡುಗುತ್ತದೆ. ಎದುರಿಗೆ ಆನೆ ಇಲ್ಲ ಎಂಬುದೊಂದೇ ವ್ಯತ್ಯಾಸ. ಆಗ ಮನಸ್ಸು ಕಾರಣವನ್ನು ದೇಹದೊಳಗೇ ಹುಡುಕುತ್ತದೆ: ‘ಇದು ಹಾರ್ಟ್ ಅಟ್ಯಾಕ್ ಇರಬೇಕು. ಇನ್ನೇನು ಎಚ್ಚರ ತಪ್ಪಿ ಗಾಡಿ ಎಲ್ಲಿಗೋ ನುಗ್ಗುತ್ತದೆ.’ ಈ ಯೋಚನೆ ಬಂದ ಕ್ಷಣ ಭಯ ಇನ್ನಷ್ಟು ಏರುತ್ತದೆ, ಅದರಿಂದ ಉಸಿರು ಇನ್ನಷ್ಟು ಜೋರಾಗುತ್ತದೆ. ಈ ಸುತ್ತನ್ನು 1986ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ಸ್ಪಷ್ಟವಾಗಿ ವಿವರಿಸಿದರು. ಪ್ಯಾನಿಕ್‌ಗೆ ಇವತ್ತು ಕೊಡುವ ಮಾತಿನ ಚಿಕಿತ್ಸೆಗೆ ಅದೇ ಮುಖ್ಯ ಆಧಾರ.

ಎಚ್ಚರ ತಪ್ಪುತ್ತದೆ ಎಂಬ ಭಯದ ಬಗ್ಗೆ ಒಂದು ಮಾತು. ಸಾಮಾನ್ಯವಾಗಿ ಎಚ್ಚರ ತಪ್ಪುವುದು ರಕ್ತದೊತ್ತಡ ದಿಢೀರನೆ ಕುಸಿದಾಗ. ಪ್ಯಾನಿಕ್‌ನಲ್ಲಿ ರಕ್ತದೊತ್ತಡ ಮತ್ತು ಎದೆಬಡಿತ ಎರಡೂ ಏರುತ್ತವೆ. ಹಾಗಾಗಿ ‘ತಲೆ ತಿರುಗಿದಂತಾಗುತ್ತಿದೆ’ ಎನ್ನುವವರು ಬಹಳ, ಪ್ಯಾನಿಕ್‌ನಿಂದಲೇ ಎಚ್ಚರ ತಪ್ಪಿ ಬೀಳುವವರು ಅಪರೂಪ. ಇನ್ನೊಂದು ಗಮನಿಸಬೇಕಾದ ಸಂಗತಿ ಎಂದರೆ, ಈ ಅಲೆ ಸಾಮಾನ್ಯವಾಗಿ ಸುಮಾರು 10 ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ದೇಹ ಅದೇ ಮಟ್ಟದ ದಿಗಿಲನ್ನು ಗಂಟೆಗಟ್ಟಲೆ ಹಿಡಿದಿಟ್ಟುಕೊಳ್ಳಲಾರದು.

ಮೊದಲ ಸಲವಾದರೆ ಹೃದಯ ಎಂದೇ ತಿಳಿಯಿರಿ

ಇದನ್ನು ಓದಿ ಯಾರೂ ‘ಎದೆನೋವೆಲ್ಲ ಬರೀ ಭಯ’ ಎಂದು ಫಾರ್ವರ್ಡ್ ಮಾಡಬಾರದು. ಜೀವನದಲ್ಲಿ ಮೊದಲ ಸಲ ಹೀಗಾದರೆ ರಸ್ತೆ ಬದಿಯಲ್ಲಿ ನಿಂತು ಇದು ಹೃದಯವೋ ದಿಗಿಲೋ ಎಂದು ನೀವೇ ತೀರ್ಮಾನಿಸಲು ಆಗುವುದಿಲ್ಲ. ಎದೆಯ ನಡುವೆ ಭಾರ ಇಟ್ಟಂತಾಗಿ ನೋವು ಎಡಗೈ, ದವಡೆ ಅಥವಾ ಬೆನ್ನಿಗೆ ಹರಡಿದರೆ, ತಣ್ಣನೆಯ ಬೆವರು ಬಂದರೆ, ಕಣ್ಣು ನಿಜವಾಗಿಯೂ ಕತ್ತಲಿಟ್ಟರೆ ಗಾಡಿಯನ್ನು ಸುರಕ್ಷಿತವಾಗಿ ನಿಲ್ಲಿಸಿ 108 ಅಥವಾ 112ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033 ಕೂಡ ಇದೆ. ಅಂಥ ಹೊತ್ತಿನಲ್ಲಿ ನೀವೇ ಆಸ್ಪತ್ರೆಗೆ ಓಡಿಸಿಕೊಂಡು ಹೋಗಬೇಡಿ.

ಆಮೇಲೆ ವೈದ್ಯರನ್ನು ಕಂಡು ಇಸಿಜಿ, ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆ ಮಾಡಿಸಿ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಕ್ಕರೆ ತೀರಾ ಇಳಿದಾಗ ಕೂಡ ನಡುಕ, ಬೆವರು, ಎದೆಬಡಿತ ಹೀಗೆಯೇ ಬರುತ್ತವೆ. ಅದಕ್ಕೆ ಬೇಕಾದದ್ದು ಧೈರ್ಯವಲ್ಲ, ಗಾಡಿ ನಿಲ್ಲಿಸಿ ತಕ್ಷಣ ಸಕ್ಕರೆ ತಿನ್ನುವುದು. ಈ ಪರೀಕ್ಷೆಗಳೆಲ್ಲ ಸರಿ ಇವೆ ಎಂದು ವೈದ್ಯರು ಹೇಳಿದ ಮೇಲೆಯೇ ಮುಂದಿನ ಭಾಗ ನಿಮಗೆ ಅನ್ವಯಿಸುವುದು.

ಹೊಸ ಹೆದ್ದಾರಿಯಲ್ಲೇ ಏಕೆ?

‘ಹಳೇ ರೋಡಲ್ಲಿ 15 ವರ್ಷ ಓಡಿಸಿದ್ದೀನಿ. ಈ ಹೊಸ ರೋಡಿಗೆ ಹತ್ತಿದರೆ ಮಾತ್ರ ಕೈ ನಡುಗುತ್ತೆ’ ಎಂಬ ಮಾತು ಈ ಭಾಗದಲ್ಲಿ ವಿಚಿತ್ರವೇನಲ್ಲ. ಅದಕ್ಕೆ ಅರ್ಥವಿದೆ.

ಹಳೆಯ ಬೆಂಗಳೂರು–ಮೈಸೂರು ರಸ್ತೆ ರಾಮನಗರ ಮತ್ತು ಚನ್ನಪಟ್ಟಣದ ಮಧ್ಯದಲ್ಲೇ ಹಾದುಹೋಗುತ್ತದೆ. ಜಾನಪದ ಲೋಕ, ಕೆಂಗಲ್ ಆಂಜನೇಯನ ದೇವಸ್ಥಾನ, ಬೊಂಬೆ ಅಂಗಡಿಗಳು ಸಿಗುತ್ತವೆ. ಟ್ರಾಫಿಕ್ ಇರುತ್ತದೆ, ಆದರೆ ಎಲ್ಲಿ ಬೇಕಾದರೂ ಎಡಕ್ಕೆ ಒತ್ತಿ ನಿಲ್ಲಿಸಿ ಒಂದು ಎಳನೀರು ಕುಡಿಯಬಹುದು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಹೊಸ ಹೆದ್ದಾರಿ ಹಾಗಲ್ಲ. ಒಟ್ಟು ಸುಮಾರು 118 ಕಿ.ಮೀ. ಉದ್ದದ ಈ ರಸ್ತೆಯಲ್ಲಿ ರಾಮನಗರ–ಚನ್ನಪಟ್ಟಣ ಬೈಪಾಸ್ ಒಂದೇ ಸುಮಾರು 22 ಕಿ.ಮೀ. ಇದೆ. ಎರಡೂ ಬದಿ ತಡೆ, ಒಳಗೆ ಬರಲು ಮತ್ತು ಹೊರಗೆ ಹೋಗಲು ಗೊತ್ತಾದ ಜಾಗಗಳು ಮಾತ್ರ. ಹತ್ತಿದ ಮೇಲೆ ಮುಂದಿನ ಹೊರದಾರಿ ಬರುವವರೆಗೆ ಹೋಗಲೇಬೇಕು.

ಪ್ಯಾನಿಕ್ ಅನುಭವಿಸಿದವರಿಗೆ ಅತಿ ಕಷ್ಟವಾಗುವುದು ಇದೇ. ಅವರು ಹೆದರುವುದು ರಸ್ತೆಗಲ್ಲ, ‘ದಿಗಿಲು ಬಂದರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ’ ಎಂಬುದಕ್ಕೆ. ಮೇಲ್ಸೇತುವೆ, ಸುರಂಗ, ಟೋಲ್ ಸಾಲು, ಬೆಂಗಳೂರಿನ ಜಾಮ್ ಎಲ್ಲದರಲ್ಲೂ ಇರುವುದು ಅದೇ ಗುಣ.

ಜೊತೆಗೆ ನಿಜವಾದ ಅಪಾಯವೂ ಇತ್ತು ಎನ್ನುವುದನ್ನು ಮರೆಯುವಂತಿಲ್ಲ. ರಸ್ತೆ ತೆರೆದ ಮೊದಲ ತಿಂಗಳುಗಳಲ್ಲಿ ಅಪಘಾತಗಳ ಸುದ್ದಿ ಬರುತ್ತಲೇ ಇತ್ತು. 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥದಲ್ಲಿ ನಿಷೇಧಿಸಲಾಯಿತು. ಕಾರುಗಳಿಗೆ ಗಂಟೆಗೆ 100 ಕಿ.ಮೀ. ಮಿತಿ ಹಾಕಿ ಕ್ಯಾಮೆರಾಗಳ ಮೂಲಕ ದಂಡ ಶುರುವಾಯಿತು. ಆಮೇಲೆ ಸಾವುಗಳು ಇಳಿದವು. ಆದರೆ ಮೊದಲು ನೋಡಿದ ಅಪಘಾತದ ವಿಡಿಯೊಗಳು ಇವತ್ತಿಗೂ ಗ್ರೂಪ್‌ಗಳಲ್ಲಿ ತಿರುಗುತ್ತಲೇ ಇವೆ, ಮನಸ್ಸಿನಲ್ಲೂ ಉಳಿದಿವೆ.

ನಿಮ್ಮದು ಯಾವ ಭಯ?

ಪರಿಹಾರಕ್ಕೆ ಕೈ ಹಾಕುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬರೆದುಕೊಳ್ಳಬೇಕು: ‘ನಾನು ಗಾಡಿ ಓಡಿಸಿದರೆ ನಿರ್ದಿಷ್ಟವಾಗಿ ಏನಾಗುತ್ತದೆ ಎಂದು ಹೆದರುತ್ತಿದ್ದೇನೆ?’

ಬೈಪಾಸ್‌ಗೆ ಹೆದರುವವರ ಉತ್ತರ ‘ದಿಗಿಲು ಬಂದು ಎಚ್ಚರ ತಪ್ಪುತ್ತೇನೆ’ ಎಂದಿರಬಹುದು. ಕನಕಪುರ ರಸ್ತೆಯಲ್ಲಿ ಹೆದರುವವರ ಉತ್ತರ ‘ಎದುರಿನಿಂದ ಓವರ್‌ಟೇಕ್ ಮಾಡಿಕೊಂಡು ಬರುವ ಟಿಪ್ಪರ್ ನನಗೆ ಗುದ್ದುತ್ತದೆ’ ಎಂದಿರಬಹುದು. ಮಾಗಡಿಯ ಒಬ್ಬರಿಗೆ ‘ಏರಿನಲ್ಲಿ ಗಾಡಿ ಆಫ್ ಆಗಿ ಹಿಂದಕ್ಕೆ ಜಾರುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ’ ಎಂಬುದೇ ಭಯ.

ಈ ಮೂರೂ ಒಂದೇ ಅಲ್ಲ. ಮಾಗಡಿಯವರಿಗೆ ಮೊದಲು ಬೇಕಾದದ್ದು ಖಾಲಿ ಏರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಕ್ಲಚ್ ಬಿಡುತ್ತಾ ಗಾಡಿ ಎತ್ತುವ ಅಭ್ಯಾಸ. ಅದು ಬಂದರೆ ಭಯದ ಬಹುಪಾಲು ಹೋಗುತ್ತದೆ. ಕನಕಪುರದವರ ಭಯದಲ್ಲಿ ಅರ್ಧ ನಿಜ. ಅಂತರ ಕಾಯುವುದು, ಎಡಕ್ಕೆ ಜಾಗ ಉಳಿಸಿಕೊಳ್ಳುವುದು, ರಾತ್ರಿ ಪ್ರಯಾಣ ತಪ್ಪಿಸುವುದು ಅವರಿಗೆ ವಿವೇಕವೇ. ಬೈಪಾಸ್‌ಗೆ ಹೆದರುವವರಿಗೆ ಮಾತ್ರ ಡ್ರೈವಿಂಗ್ ಸ್ಕೂಲಿನಲ್ಲಿ ಇನ್ನೂ 10 ಕ್ಲಾಸ್ ಸೇರಿದರೂ ಪ್ರಯೋಜನವಿಲ್ಲ. ಅವರಿಗೆ ಓಡಿಸಲು ಬರುತ್ತದೆ. ಬಾರದಿರುವುದು ದಿಗಿಲಿನ ಜೊತೆ ಕುಳಿತಿರಲು.

ಅಪಘಾತವಾದ ಮೇಲೆ ಶುರುವಾದ ಭಯವೂ ಬೇರೆ. ತಿಂಗಳು ಕಳೆದರೂ ಆ ದೃಶ್ಯ ಕಣ್ಣ ಮುಂದೆ ಬರುತ್ತಿದ್ದರೆ, ಕೆಟ್ಟ ಕನಸು ಬಿದ್ದು ನಿದ್ದೆ ಹೋಗಿದ್ದರೆ, ಒಬ್ಬರೇ ಅಭ್ಯಾಸಕ್ಕೆ ಇಳಿಯದೆ ಮೊದಲು ಮನೋವೈದ್ಯರನ್ನು ಕಾಣಬೇಕು.

ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇವರು ನಿರ್ದಿಷ್ಟ ವ್ಯಕ್ತಿಯಲ್ಲ, ವಿಷಯ ತಿಳಿಯಲು ನಾವು ಕಟ್ಟಿಕೊಂಡ ಪಾತ್ರ. ಚನ್ನಪಟ್ಟಣದ ಒಬ್ಬ ಶಿಕ್ಷಕಿ. ಮಗಳು ಕೆಂಗೇರಿಯಲ್ಲಿ ಓದುತ್ತಿದ್ದಾಳೆ. ಒಂದು ಸಂಜೆ ಬೈಪಾಸ್‌ನಲ್ಲಿ ಅವರಿಗೆ ದಿಗಿಲು ಬಂತು. ರಸ್ತೆ ಬದಿಗೆ ಹಾಕಿ ತಮ್ಮನನ್ನು ಕರೆಸಿಕೊಂಡು ಮನೆಗೆ ಬಂದರು. ಹೃದಯದ ಪರೀಕ್ಷೆ ಎಲ್ಲ ಸರಿಯಾಗಿತ್ತು.

ಮಾರನೆಯ ವಾರ ಹೆದ್ದಾರಿಗೆ ಹೋಗದೆ ಹಳೆಯ ರಸ್ತೆಯಲ್ಲಿ ಹೋದರು. ಎಷ್ಟು ನಿರಾಳ! ಆದರೆ ಆ ನಿರಾಳವೇ ಮೆದುಳಿಗೆ ತಪ್ಪು ಪಾಠ ಹೇಳಿತು: ‘ತಪ್ಪಿಸಿಕೊಂಡಿದ್ದಕ್ಕೆ ಬದುಕಿದೆ.’ ಬೈಪಾಸ್‌ನಲ್ಲಿ ಅಂದು ನಿಜಕ್ಕೂ ಏನಾಗುತ್ತಿತ್ತು ಎಂಬುದನ್ನು ನೋಡುವ ಅವಕಾಶವೇ ಸಿಗಲಿಲ್ಲ. ಮುಂದೆ ಹಳೆಯ ರಸ್ತೆಯಲ್ಲೂ ರಾಮನಗರದ ಐಜೂರು ವೃತ್ತದ ಟ್ರಾಫಿಕ್‌ನಲ್ಲಿ ಎದೆ ಬಡಿಯತೊಡಗಿತು. ಆಮೇಲೆ ಪೇಟೆಗೆ ಹೋಗಲೂ ತಮ್ಮ ಬೇಕಾದ. ಒಂದೇ ವರ್ಷದಲ್ಲಿ ಕಾರು ಮನೆ ಮುಂದೆ ದೂಳು ಹಿಡಿದು ನಿಂತಿತು. ‘ಸ್ವಲ್ಪ ದಿನ ಬಿಟ್ಟರೆ ತಾನಾಗಿಯೇ ಸರಿಹೋಗುತ್ತದೆ’ ಎಂಬ ನೆಂಟರ ಸಲಹೆ ಇಲ್ಲಿ ಕೆಲಸ ಮಾಡದಿರುವುದು ಇದಕ್ಕೇ.

ಕಣ್ಣಿಗೆ ಕಾಣದ ಇನ್ನೊಂದು ಬಗೆಯ ತಪ್ಪಿಸಿಕೊಳ್ಳುವಿಕೆಯೂ ಇದೆ. ಗಾಡಿ ಓಡಿಸುತ್ತಾರೆ, ಆದರೆ ಯಾರಾದರೂ ಫೋನ್ ಲೈನಿನಲ್ಲಿ ಇರಬೇಕು. ನೀರಿನ ಬಾಟಲಿ ತೊಡೆಯ ಮೇಲಿರಬೇಕು. ಜೇಬಿನಲ್ಲಿ ಮಾತ್ರೆ ಇರಬೇಕು. ಸ್ಟೀರಿಂಗನ್ನು ಮುರಿಯುವಂತೆ ಹಿಡಿದುಕೊಳ್ಳಬೇಕು. ಇವು ಊರುಗೋಲುಗಳು. ಇವು ಇರುವವರೆಗೆ ಸುಗಮವಾಗಿ ಮುಗಿದ ಪ್ರತಿ ಪ್ರಯಾಣದ ಕೀರ್ತಿಯೂ ಇವುಗಳಿಗೇ ಹೋಗುತ್ತದೆ, ನಿಮಗೆ ಸಿಗುವುದಿಲ್ಲ. ಸ್ಟೀರಿಂಗ್ ಬಿಗಿಹಿಡಿಯುವುದರಿಂದ ಕೈಯ ಜೋಮು ಬೇರೆ ಹೆಚ್ಚಾಗುತ್ತದೆ.

ಮೆಟ್ಟಿಲು ಕಟ್ಟುವುದು

ಈ ಭಯಕ್ಕೆ ಚೆನ್ನಾಗಿ ಪರೀಕ್ಷೆಗೆ ಒಳಗಾದ ಚಿಕಿತ್ಸೆ, ಹೆದರಿಕೆ ಹುಟ್ಟಿಸುವ ಸಂಗತಿಯನ್ನು ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತಾ ಎದುರಿಸುವುದು. ಪ್ರತಿ ಮೆಟ್ಟಿಲಿಗೂ 0ರಿಂದ 100ರವರೆಗೆ ಭಯದ ಅಂಕ ಕೊಡಬೇಕು. 0 ಎಂದರೆ ಮನೆಯಲ್ಲಿ ಟಿ.ವಿ. ನೋಡುತ್ತಾ ಕುಳಿತ ಹಾಗೆ. 100 ಎಂದರೆ ಜೀವನದ ಅತಿ ಕೆಟ್ಟ ದಿಗಿಲು. ಮನೋವೈದ್ಯ ಜೋಸೆಫ್ ವೋಲ್ಪೆ ಬಳಕೆಗೆ ತಂದ ಈ ಅಳತೆಗೋಲು ಇವತ್ತಿಗೂ ಚಾಲ್ತಿಯಲ್ಲಿದೆ.

ನಮ್ಮ ಶಿಕ್ಷಕಿಯ ಪಟ್ಟಿ ಹೀಗಿರಬಹುದು:

1. ನಿಂತ ಕಾರಿನಲ್ಲಿ ಎಂಜಿನ್ ಚಾಲೂ ಮಾಡಿ 15 ನಿಮಿಷ ಕೂರುವುದು – 20
2. ಭಾನುವಾರ ಬೆಳಿಗ್ಗೆ ಚನ್ನಪಟ್ಟಣದ ಖಾಲಿ ಬೀದಿಗಳಲ್ಲಿ ಓಡಿಸುವುದು – 30
3. ಹಳೆಯ ರಸ್ತೆಯಲ್ಲಿ ಕೆಂಗಲ್‌ವರೆಗೆ ಹೋಗಿಬರುವುದು – 40
4. ಸಂಜೆ 6 ಗಂಟೆಗೆ ಐಜೂರು ವೃತ್ತ ದಾಟುವುದು – 55
5. ಭಾನುವಾರ ಬೆಳಿಗ್ಗೆ ಬೈಪಾಸ್‌ನಲ್ಲಿ, ತಮ್ಮ ಪಕ್ಕದಲ್ಲಿ – 70
6. ಅದೇ ಬೈಪಾಸ್, ಅದೇ ಹೊತ್ತು, ಒಬ್ಬರೇ – 85
7. ವಾರದ ದಿನ ಒಬ್ಬರೇ ಕೆಂಗೇರಿಯವರೆಗೆ – 95

ಶುರು ಮಾಡಬೇಕಾದದ್ದು 30ರ ಆಸುಪಾಸಿನ ಮೆಟ್ಟಿಲಿನಿಂದ. ವಾರಕ್ಕೊಮ್ಮೆ ಮಾಡಿದರೆ ನಡುವೆ ಭಯ ಮತ್ತೆ ಕೂಡಿಕೊಳ್ಳುತ್ತದೆ. ವಾರಕ್ಕೆ 3–4 ದಿನ, ಪ್ರತಿ ಸಲ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸಿಗುವಂತೆ ಸಮಯ ಹೊಂದಿಸಿಕೊಳ್ಳಬೇಕು. ಕೆಂಗಲ್‌ವರೆಗಿನ ದಾರಿ ಚಿಕ್ಕದು. ಒಂದು ಸಲ ಹೋಗಿಬಂದು ‘ಅಬ್ಬಾ, ಮುಗೀತು’ ಎಂದು ಇಳಿದುಬಿಟ್ಟರೆ ಅದೂ ತಪ್ಪಿಸಿಕೊಂಡಂತೆಯೇ. ಭಯ ಶುರುವಿನ ಅರ್ಧಕ್ಕೆ ಇಳಿಯುವವರೆಗೆ, ಅಥವಾ ‘ಹೆದರಿದ್ದು ಆಗಲಿಲ್ಲ’ ಎಂದು ಕಣ್ಣಾರೆ ಕಾಣುವವರೆಗೆ ಅದೇ ದಾರಿಯನ್ನು ಎರಡು ಮೂರು ಸಲ ಸುತ್ತಬೇಕು.

ಹೊರಡುವ ಮೊದಲು ಒಂದು ಸಾಲು, ಬಂದ ಮೇಲೆ ಒಂದು ಸಾಲು ಬರೆಯಬೇಕು. ಉದಾಹರಣೆಗೆ ನಾಲ್ಕನೇ ಮೆಟ್ಟಿಲಿನ ದಿನ ಶಿಕ್ಷಕಿ ಬರೆದದ್ದು: ‘ವೃತ್ತದಲ್ಲಿ ಸಿಕ್ಕಿಕೊಂಡರೆ ಕೈಕಾಲು ಆಡುವುದಿಲ್ಲ, ಗಾಡಿ ನಡುರಸ್ತೆಯಲ್ಲೇ ನಿಲ್ಲುತ್ತದೆ.’ ಬಂದ ಮೇಲೆ: ‘ಭಯ 65ಕ್ಕೆ ಹೋಯಿತು. ಕೈ ನಡುಗಿತು. ಆದರೂ ಗೇರ್ ಹಾಕಿದೆ. ಗಾಡಿ ಒಮ್ಮೆ ಆಫ್ ಆಯಿತು, ಮತ್ತೆ ಸ್ಟಾರ್ಟ್ ಮಾಡಿದೆ. ಮೂರನೇ ಸುತ್ತಿಗೆ 35.’ ಮೆದುಳು ಕಲಿಯುವುದು ಊಹೆಗೂ ನಡೆದದ್ದಕ್ಕೂ ಇರುವ ಈ ಅಂತರದಿಂದ. ಹಾಗಾಗಿ ಭಯ ಬರಲೇ ಇಲ್ಲ ಎಂಬ ದಿನಕ್ಕಿಂತ, ಭಯ ಬಂದರೂ ಹೆದರಿದ್ದು ಆಗಲಿಲ್ಲ ಎಂಬ ದಿನವೇ ಹೆಚ್ಚು ಕೆಲಸ ಮಾಡುತ್ತದೆ.

ಪಕ್ಕದಲ್ಲಿ ಕೂರುವವರಿಗೂ ಒಂದು ಕೆಲಸವಿದೆ. ತಮ್ಮ ಪದೇ ಪದೇ ‘ಏನಾಗಲ್ಲ ಅಕ್ಕ, ಏನಾಗಲ್ಲ’ ಎನ್ನುತ್ತಿದ್ದರೆ ಅವನೇ ಊರುಗೋಲಾಗುತ್ತಾನೆ. ‘ಬ್ರೇಕ್ ಹಾಕು, ಲಾರಿ ಬಂತು’ ಎಂದು ಕಿರುಚಿದರೆ ಇನ್ನೂ ಕೆಟ್ಟದು. ‘ನೀನು ಓಡ್ಸಕ್ಕ, ನಾನು ಸುಮ್ನೆ ಕೂತಿರ್ತೀನಿ. ಈಗ ನಂಬರ್ ಎಷ್ಟು?’ ಎಂದು ಕೇಳಿದರೆ ಸಾಕು.

ಬೈಪಾಸ್‌ನ ಆ 16 ನಿಮಿಷ

22 ಕಿ.ಮೀ. ದಾರಿಯನ್ನು ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋದರೆ ಸುಮಾರು 16 ನಿಮಿಷ ಬೇಕು. ದಿಗಿಲಿನ ಅಲೆ ಸುಮಾರು 10 ನಿಮಿಷದೊಳಗೆ ತುದಿ ಮುಟ್ಟುತ್ತದೆ ಎಂದು ಮೇಲೆ ನೋಡಿದೆವು. ಅಂದರೆ ಹತ್ತಿದ ಕೂಡಲೇ ದಿಗಿಲು ಬಂದರೂ ಬೈಪಾಸ್ ಮುಗಿಯುವ ಮೊದಲೇ ಅದು ಇಳಿಯತೊಡಗಿರುತ್ತದೆ. ‘ಹೊರದಾರಿ ಇಲ್ಲ’ ಎಂದು ಹೆದರಿಸುವ ಈ ದಾರಿ ಅಭ್ಯಾಸಕ್ಕೆ ಒಳ್ಳೆಯದಾಗಿರುವುದೂ ಅದೇ ಕಾರಣಕ್ಕೆ.

ಐದನೇ ಮೆಟ್ಟಿಲಿನ ದಿನ ಶಿಕ್ಷಕಿ ಎಡಗಡೆಯ ಪಥದಲ್ಲಿ 80ರಲ್ಲಿ ಹೋಗುತ್ತಿದ್ದಾರೆ ಎನ್ನಿ. ಎದೆ ಬಡಿತ ಶುರುವಾಯಿತು, ಬೆರಳು ಜುಮುಜುಮು. ಆಗ ಮಾಡಬೇಕಾದದ್ದು ಮೂರೇ. ಮೊದಲನೆಯದು, ದಿಢೀರನೆ ಬ್ರೇಕ್ ಹಾಕದೆ, ಪಥ ಬದಲಿಸದೆ, ಮುಂದಿನ ಗಾಡಿಯಿಂದ ಅಂತರ ಹೆಚ್ಚಿಸಿಕೊಳ್ಳುವುದು. ಎರಡನೆಯದು, ಹೆಗಲು ಇಳಿಬಿಟ್ಟು ಸ್ಟೀರಿಂಗ್ ಹಿಡಿತ ಸಡಿಲಿಸುವುದು. ಮೂರನೆಯದು, ಉಸಿರನ್ನು ದೊಡ್ಡದಾಗಿ ಎಳೆಯದೆ, ಬಿಡುವುದನ್ನು ಉದ್ದ ಮಾಡುವುದು. ಮೂಗಿನಿಂದ ಸಾಧಾರಣವಾಗಿ ಎಳೆದು, ಬಿಸಿ ಕಾಫಿ ಆರಿಸುವಂತೆ ನಿಧಾನವಾಗಿ ಊದುವುದು. ದಿಗಿಲನ್ನು ಓಡಿಸಲು ಇದನ್ನು ಮಂತ್ರದಂತೆ ಮಾಡಬೇಕಾಗಿಲ್ಲ, ಇಂಗಾಲದ ಡೈಆಕ್ಸೈಡ್ ಮತ್ತಷ್ಟು ಹೊರಹೋಗದಿದ್ದರೆ ಸಾಕು. ಕಾಗದದ ಚೀಲದೊಳಗೆ ಉಸಿರಾಡಿ ಎಂಬ ಹಳೆಯ ಸಲಹೆಯನ್ನು ಮರೆತುಬಿಡಿ. ತೊಂದರೆ ನಿಜವಾಗಿ ಹೃದಯ ಅಥವಾ ಶ್ವಾಸಕೋಶದ್ದಾಗಿದ್ದರೆ ಅದು ಅಪಾಯ.

ದಿಗಿಲು ಬಂದ ತಕ್ಷಣ ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸುವುದು ಸುರಕ್ಷಿತ ಎನಿಸುತ್ತದೆ. ವೇಗದ ವಾಹನಗಳ ಪಕ್ಕದಲ್ಲಿ ನಿಂತ ಕಾರು ಓಡುವ ಕಾರಿಗಿಂತ ಹೆಚ್ಚು ಅಪಾಯದಲ್ಲಿರುತ್ತದೆ. ಆದಷ್ಟೂ ಮುಂದಿನ ಹೊರದಾರಿಯವರೆಗೆ ಹೋಗಿ. ನಿಲ್ಲಿಸಲೇಬೇಕಾಗಿ ಬಂದರೆ ಪೂರ್ತಿ ಎಡಕ್ಕೆ ಹಾಕಿ, ಹ್ಯಾಜರ್ಡ್ ಲೈಟ್ ಹಾಕಿ, ಎಡ ಬಾಗಿಲಿನಿಂದ ಇಳಿದು ತಡೆಗೋಡೆಯ ಆಚೆ ನಿಲ್ಲಿ. ಕಾರಿನ ಒಳಗೆ ಅಥವಾ ಹಿಂದೆ ನಿಲ್ಲಬೇಡಿ.

ಅಭ್ಯಾಸ ಹಳಿ ತಪ್ಪಿದೆ ಎಂದು ತಿಳಿಯುವುದು ಹೇಗೆ? ಒಂದೇ ಮೆಟ್ಟಿಲನ್ನು ಐದಾರು ಸಲ ಮಾಡಿದರೂ ಅಂಕ ಇಳಿಯದಿದ್ದರೆ ಎಲ್ಲೋ ಊರುಗೋಲು ಅಡಗಿದೆ ಎಂದರ್ಥ. ಹುಡುಕಿ ಒಂದೊಂದಾಗಿ ಬಿಡಿ: ಮೊದಲು ಫೋನ್, ಆಮೇಲೆ ಬಾಟಲಿ. ಅಥವಾ ಮೆಟ್ಟಿಲು ತೀರಾ ಎತ್ತರವಾಯಿತು, ನಡುವೆ ಇನ್ನೊಂದನ್ನು ಸೇರಿಸಿ. ತಮ್ಮ ಪಕ್ಕದಲ್ಲಿ ಕೂರುವುದಕ್ಕೂ ಪೂರ್ತಿ ಒಬ್ಬರೇ ಹೋಗುವುದಕ್ಕೂ ನಡುವೆ, ‘ತಮ್ಮ ಬೇರೆ ಕಾರಿನಲ್ಲಿ ಹಿಂದೆ’ ಎಂಬುದು ಒಂದು ಮೆಟ್ಟಿಲಾಗಬಹುದು. ನಾಲ್ಕು ದಿನ ಚೆನ್ನಾಗಿ ನಡೆದು ಐದನೇ ದಿನ ಮತ್ತೆ 80 ಮುಟ್ಟಿದರೆ ಅದು ಸೋಲಲ್ಲ. ಸರಿಯಾಗಿ ನಿದ್ದೆಯಾಗದ ದಿನ, ಹೆಚ್ಚು ಕಾಫಿ ಕುಡಿದ ದಿನ ಹಾಗಾಗುತ್ತದೆ. ಒಂದು ಮೆಟ್ಟಿಲು ಕೆಳಗಿಳಿದು ಅದೇ ವಾರ ಮತ್ತೆ ಹತ್ತಬೇಕು.

ಮಾತ್ರೆ ತೆಗೆದುಕೊಂಡು ಓಡಿಸಿದರೆ?

‘ಅರ್ಧ ಮಾತ್ರೆ ನುಂಗಿದರೆ ಭಯವೇ ಇರಲ್ಲ’ ಎಂದು ಹೇಳುವವರು ಸಾಮಾನ್ಯವಾಗಿ ಹೇಳುತ್ತಿರುವುದು ಆಲ್‌ಪ್ರಾಜೊಲಾಮ್‌ನಂಥ ಮಾತ್ರೆಯ ಬಗ್ಗೆ. ಅದು ಮಂಪರು ತರುತ್ತದೆ, ಬ್ರೇಕ್ ಒತ್ತುವ ವೇಗ ತಗ್ಗಿಸುತ್ತದೆ, ಅಭ್ಯಾಸವಾದರೆ ಬಿಡುವುದು ಕಷ್ಟ. ಅದನ್ನು ನುಂಗಿ ಸ್ಟೀರಿಂಗ್ ಹಿಡಿಯಬಾರದು. ದಿಗಿಲು ಪದೇ ಪದೇ ಬರುವವರಿಗೆ ವೈದ್ಯರು ಬೇರೆ ಬಗೆಯ ಮಾತ್ರೆ ಕೊಡಬಹುದು. ಅವು ಪರಿಣಾಮ ತೋರಲು ಕೆಲವು ವಾರ ಬೇಕು, ನಡುವೆ ತಾವಾಗಿಯೇ ನಿಲ್ಲಿಸುವಂತಿಲ್ಲ.

ಮನೆಯಿಂದ ಹೊರಡುವುದೇ ಕಷ್ಟವಾಗಿದ್ದರೆ, ಗಾಡಿಯಿಲ್ಲದೆಯೂ ದಿಗಿಲು ಬರುತ್ತಿದ್ದರೆ, ಭಯಕ್ಕೆ ಮದ್ಯದ ಮೊರೆ ಹೋಗಿದ್ದರೆ ಈ ಪಟ್ಟಿಯನ್ನು ಒಬ್ಬರೇ ಹತ್ತಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತನಾಡಬಹುದು. ಚನ್ನಪಟ್ಟಣ, ಕನಕಪುರ, ಮಾಗಡಿಯವರು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆ ಎಂದು ವಿಚಾರಿಸಬಹುದು. ಬೆಂಗಳೂರಿನ ನಿಮ್ಹಾನ್ಸ್ ಕೂಡ ದೂರವಿಲ್ಲ.

ಕೊನೆಯದಾಗಿ: ಯಾವುದನ್ನು ಫಾರ್ವರ್ಡ್ ಮಾಡುವುದು?

‘ಕಾರಿನಲ್ಲಿ ಎದೆನೋವು ಬಂದರೆ ಕೆಮ್ಮುತ್ತಾ ಓಡಿಸಿ’ ಎಂಬ ಹೇಳಿಕೆ ತಪ್ಪು. ಹೃದಯಾಘಾತಕ್ಕೆ ಅದು ಚಿಕಿತ್ಸೆಯಲ್ಲ, ಪ್ಯಾನಿಕ್ ಅನ್ನು ಅದು ಹೆಚ್ಚಿಸುತ್ತದೆ. ಆ ಮೆಸೇಜ್ ಮತ್ತೆ ಬಂದರೆ ಅದರ ಕೆಳಗೆ ಇಷ್ಟನ್ನು ಹಾಕಿ:

‘ಕೆಮ್ಮಬೇಡಿ. ಮೊದಲ ಸಲ ಎದೆನೋವು ಬಂದರೆ ಸುರಕ್ಷಿತವಾಗಿ ನಿಲ್ಲಿಸಿ 108ಕ್ಕೆ ಕರೆ ಮಾಡಿ, ಇಸಿಜಿ ಮಾಡಿಸಿ. ಹೃದಯ ಸರಿಯಿದೆ, ಇದು ದಿಗಿಲು ಎಂದು ವೈದ್ಯರು ಹೇಳಿದ್ದರೆ ಉಸಿರನ್ನು ನಿಧಾನವಾಗಿ ಬಿಡಿ, ವೇಗ ತಗ್ಗಿಸಿ, ಮುಂದಿನ ಹೊರದಾರಿಯವರೆಗೆ ಹೋಗಿ. ನಾಳೆ ಅದೇ ರಸ್ತೆಯ ಚಿಕ್ಕ ತುಂಡಿಗೆ ಮತ್ತೆ ಹೋಗಿ.’